‘ಕೆಲವು’ ಅನ್ನೋ ಪದ ಬಿಟ್ಟುಹೋಗಿತ್ತು: ದಪ್ಪ ಪುಸ್ತಕವೊಂದನ್ನು ಒಂದು ಗಂಟೆಯಲ್ಲಿ ಜಾಲಾಡಿದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾವು ಏಳು ಜನ ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಒಂದು ಪುಸ್ತಕ ತರಬೇಕು. ಅದರಲ್ಲಿ ಏನಿದೆ, ಎಲ್ಲರೂ ಕೂತು ಓದುವಷ್ಟು ಇದೆಯಾ ಅಂತ ಹೇಳಬೇಕು. ನನ್ನ ಸರದಿ ಬಂದಾಗ ತಂದದ್ದು ಜೇಮ್ಸ್ ಸಿ. ಸ್ಕಾಟ್ ಅವರ ‘ಸೀಯಿಂಗ್ ಲೈಕ್ ಎ ಸ್ಟೇಟ್’. 1998ರ ಇಂಗ್ಲಿಷ್ ಪುಸ್ತಕ. ಟಿಪ್ಪಣಿಗಳೂ ಸೇರಿ ನಾನೂರು ಪುಟ ದಾಟುತ್ತದೆ.

ಅವತ್ತು ಹೊರಡುವ ಮುಂಚೆ ನಾನು ಮಾಡಿದ್ದು ಇಷ್ಟೇ. ಪರಿವಿಡಿ ಮೇಲೆ ಕಣ್ಣಾಡಿಸಿದೆ. ಸೋವಿಯತ್ ಸಾಮೂಹಿಕ ಬೇಸಾಯ, ತಾಂಜಾನಿಯಾದಲ್ಲಿ ಜನರನ್ನು ಒತ್ತಾಯದಿಂದ ಹೊಸ ಹಳ್ಳಿಗಳಿಗೆ ಸೇರಿಸಿದ್ದು, ಯೋಜನೆ ಹಾಕಿ ಕಟ್ಟಿದ ನಗರಗಳು. ಕೊನೆಯ ಅಧ್ಯಾಯದ ಎರಡು ಪುಟ ನೋಡಿದೆ. ಒಟ್ಟು ಹದಿನೈದು ನಿಮಿಷ. ಕಾಫಿ ಕುಡಿಯುತ್ತಾ ಗೆಳೆಯರಿಗೆ ಹೇಳಿಬಿಟ್ಟೆ: ‘ಸರ್ಕಾರ ಕೈ ಹಾಕಿದ್ದೆಲ್ಲ ಕೆಡುತ್ತೆ, ಮಾರುಕಟ್ಟೆಗೆ ಬಿಡಿ ಅನ್ನೋದು ಈ ಪುಸ್ತಕದ ವಾದ.’

ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು ಲೋಟ ಕೆಳಗಿಟ್ಟರು. ಅವರು ಅದನ್ನು ಹಿಂದೆಯೇ ಪೂರ್ತಿ ಓದಿದ್ದರಂತೆ. ‘ಪೀಠಿಕೆ ಓದಿದ್ಯೇನೋ ಮಾರಾಯ?’ ಅಂದರು. ‘ಇಲ್ಲ ಮೇಷ್ಟ್ರೇ’ ಅಂದೆ. ‘ಹೋಗ್ಲಿ, ಮುಖಪುಟನಾದ್ರೂ ಓದಿದ್ಯಾ?’

ಪುಸ್ತಕದ ಉಪಶೀರ್ಷಿಕೆಯಲ್ಲಿ ‘ಸರ್ಟನ್’ ಎಂಬ ಪದವಿದೆ. ಮನುಷ್ಯರ ಬದುಕನ್ನು ಸುಧಾರಿಸಲು ಹೊರಟ ‘ಕೆಲವು’ ಯೋಜನೆಗಳು ಹೇಗೆ ಸೋತವು, ಅಂತ. ಎಲ್ಲ ಯೋಜನೆಗಳೂ ಅಲ್ಲ. ನಾನು ಆ ಒಂದು ಪದವನ್ನು ನುಂಗಿ, ಪುಸ್ತಕವನ್ನೇ ತಲೆಕೆಳಗು ಮಾಡಿದ್ದೆ.

ಮುಂದಿನ ಸಲ ಸೇರಿದಾಗ ತಿದ್ದಿ ಹೇಳುತ್ತೇನೆ ಅಂತ ಒಪ್ಪಿಕೊಂಡು ಬಂದೆ. ಪೂರ್ತಿ ಓದಲು ಪುರುಸೊತ್ತಿರಲಿಲ್ಲ, ಕಾಫಿ ಕೊಯ್ಲಿನ ಸಮಯ. ಒಂದು ಗಂಟೆ ಮಾತ್ರ ಅಂತ ಮೊಬೈಲಿನಲ್ಲಿ ಅಲಾರಂ ಇಟ್ಟು, ಪೆನ್ಸಿಲ್ಲು ನೋಟ್‌ಬುಕ್ಕು ಹಿಡಿದು ಕೂತೆ. ಅವತ್ತು ಮಾಡಿದ ಕ್ರಮವನ್ನೇ ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಮೊದಲ ಹತ್ತು ನಿಮಿಷ ಪರಿವಿಡಿಗೆ. ಸುಮ್ನೆ ನೋಡುವುದಲ್ಲ, ಕೈಯಲ್ಲಿ ಬರೆದುಕೊಳ್ಳುವುದು. ಅಧ್ಯಾಯದ ಹೆಸರಿನ ಪಕ್ಕ ಅದು ಎಷ್ಟು ಪುಟ ಅಂತಲೂ ಬರೆಯುತ್ತೇನೆ. ಮುಂದಿನ ಅಧ್ಯಾಯದ ಪುಟಸಂಖ್ಯೆಯಿಂದ ಇದರದ್ದನ್ನು ಕಳೆದರೆ ಸಿಕ್ಕಿತು. ಹೀಗೆ ಬರೆದಾಗ ಓದುವಾಗ ಕಾಣದ್ದು ಕಾಣುತ್ತದೆ. ಈ ಪುಸ್ತಕದಲ್ಲಿ ನಾಲ್ಕು ಭಾಗ, ಹತ್ತು ಅಧ್ಯಾಯ. ನಗರ, ತಾಂಜಾನಿಯಾ, ಬೇಸಾಯ ಇವೆಲ್ಲ ನಲವತ್ತು ಪುಟದ ಆಸುಪಾಸಿನ ದೊಡ್ಡ ಅಧ್ಯಾಯಗಳು. ನಡುವೆ ಮೂರನೆಯದು ಮಾತ್ರ ಹದಿನಾರೇ ಪುಟ. ಅದರ ಹೆಸರಿನಲ್ಲಿ ಯಾವ ದೇಶವೂ ಇಲ್ಲ, ಊರೂ ಇಲ್ಲ, ಒಂದು ವಿಚಾರದ ಹೆಸರಿದೆ: ಸರ್ವಾಧಿಕಾರಿ ಹೈ ಮಾಡರ್ನಿಸಂ. ಉದ್ದದ ಅಧ್ಯಾಯಗಳ ಮಧ್ಯೆ ಹೀಗೆ ಗಿಡ್ಡದ್ದೊಂದು ಕಂಡರೆ ಅಲ್ಲಿ ಲೇಖಕ ಕಥೆ ಹೇಳುತ್ತಿಲ್ಲ, ತನ್ನ ಮುಖ್ಯ ಪದವನ್ನು ವಿವರಿಸುತ್ತಿದ್ದಾನೆ ಅಂತ ನಾನು ಲೆಕ್ಕ ಹಾಕುತ್ತೇನೆ. ಬಹಳ ಸಲ ಸರಿಯಾಗಿದೆ.

ಇನ್ನೊಂದು ಸುಳಿವು ನಾಲ್ಕನೇ ಭಾಗದಲ್ಲಿತ್ತು. ಆ ಭಾಗದ ಹೆಸರೇ ‘ಕಳೆದುಹೋದ ಕೊಂಡಿ’ ಎನ್ನುವ ಅರ್ಥದ್ದು. ಅದರಲ್ಲಿ ಎರಡೇ ಅಧ್ಯಾಯ, ಎರಡನೆಯದು ಉಪಸಂಹಾರ. ಅಂದ ಮೇಲೆ ಆ ಕೊಂಡಿ ಒಂಬತ್ತನೇ ಅಧ್ಯಾಯದಲ್ಲೇ ಇರಬೇಕಲ್ವಾ? ಅದರ ಹೆಸರಿನಲ್ಲಿ ‘ಮೇಟಿಸ್’ ಅಂತ ಒಂದು ಗ್ರೀಕ್ ಪದ, ಜೊತೆಗೆ ಬಳಕೆಯ ತಿಳಿವಳಿಕೆ ಅನ್ನೋ ಮಾತು. ಹೋದ ಸಲ ಇದನ್ನು ನಾನು ಹಾರಿಸಿಬಿಟ್ಟಿದ್ದೆ. ಅರ್ಥವಾಗದ ಪದ ಅಂತ.

ಪರಿವಿಡಿ ಮುಗಿದ ಕೂಡಲೇ, ಪೀಠಿಕೆ ತೆರೆಯುವ ಮೊದಲು, ‘ಇದರ ವಾದ ಹೀಗಿರಬಹುದು’ ಅಂತ ಒಂದು ವಾಕ್ಯ ಬರೆದಿಡುತ್ತೇನೆ. ತಪ್ಪಾಗಲಿ ಅಂತಲೇ ಬರೆಯುವುದು. ಕಣ್ಣೆದುರು ಒಂದು ಊಹೆ ಇದ್ದರೆ ಪೀಠಿಕೆ ಅದನ್ನು ಎಲ್ಲಿ ಕೆಡವುತ್ತದೆ ಅಂತ ಗೊತ್ತಾಗುತ್ತದೆ. ಊಹೆ ಬರೆಯದೆ ಓದಿದರೆ ಎಲ್ಲದಕ್ಕೂ ತಲೆಯಾಡಿಸಿ ಮುಂದೆ ಹೋಗುತ್ತೇವೆ.

ಆಮೇಲೆ ಪೀಠಿಕೆ. ಇದನ್ನು ಮಾತ್ರ ಜಾಲಾಡುವುದಿಲ್ಲ, ನಿಧಾನವಾಗಿ ಪೂರ್ತಿ ಓದುತ್ತೇನೆ. ಇಲ್ಲಿ ಅದು ಎಂಟೇ ಪುಟ, ಇಪ್ಪತ್ತು ನಿಮಿಷ ಕೊಟ್ಟೆ. ಪೆನ್ಸಿಲ್ಲಿನಲ್ಲಿ ಎರಡೇ ಗುರುತು. ‘ನಾನು ಹೇಳುವುದು ಇದು’ ಎನ್ನುವ ಕಡೆ ಒಂದು ಗೆರೆ. ‘ನಾನು ಹೇಳುತ್ತಿರುವುದು ಅದಲ್ಲ’ ಎನ್ನುವ ಕಡೆ ಒಂದು ಬೇಲಿ, ಅಂದರೆ ಅಂಚಿನಲ್ಲಿ ಎರಡು ಗೂಟ. ಗೆರೆಗಳನ್ನು ಎಲ್ಲರೂ ಹಾಕುತ್ತಾರೆ. ನನ್ನನ್ನು ಕೆಡಿಸಿದ್ದು ಬೇಲಿ ಹಾಕದೆ ಇದ್ದದ್ದು.

ಗೆರೆ ಬಿದ್ದ ಜಾಗ ಸುಲಭವಾಗಿ ಸಿಕ್ಕಿತು. ದೊಡ್ಡ ಅನಾಹುತಕ್ಕೆ ನಾಲ್ಕು ಸಂಗತಿ ಒಟ್ಟಿಗೆ ಬೇಕು ಅನ್ನುತ್ತಾರೆ ಸ್ಕಾಟ್. ಒಂದು, ಆಡಳಿತಕ್ಕೆ ಲೆಕ್ಕ ಸಿಗುವ ಹಾಗೆ ಪ್ರಕೃತಿಯನ್ನೂ ಸಮಾಜವನ್ನೂ ಅಚ್ಚುಕಟ್ಟು ಮಾಡುವುದು. ಎರಡು, ವಿಜ್ಞಾನದ ಹೆಸರಿನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬಲ್ಲೆವು ಎಂಬ ಅತಿಯಾದ ನಂಬಿಕೆ, ಹೈ ಮಾಡರ್ನಿಸಂ ಅಂದರೆ ಇದೇ. ಮೂರು, ಅದನ್ನು ಬಲವಂತದಿಂದ ಜಾರಿ ಮಾಡಬಲ್ಲ ಸರ್ವಾಧಿಕಾರಿ ಪ್ರಭುತ್ವ. ನಾಲ್ಕು, ತಡೆದು ನಿಲ್ಲುವ ಶಕ್ತಿಯಿಲ್ಲದ ಜನ. ಮೊದಲನೆಯದು ಒಂದೇ ಇದ್ದರೆ ಅದು ಯಾವುದೇ ಆಧುನಿಕ ಸರ್ಕಾರದ ಮಾಮೂಲಿ ಸಾಧನ. ನಮ್ಮ ಸರ್ವೆ ನಂಬರ್, ಪಹಣಿ ಎಲ್ಲ ಆ ಜಾತಿಯವೇ. ಜನಕ್ಕೆ ಒಳ್ಳೇದು ಮಾಡಲಿಕ್ಕೂ ಅವು ಬೇಕು.

ಬೇಲಿಗಳು ಪೀಠಿಕೆಯ ಕೊನೆಯ ಕಡೆ ಇದ್ದವು. ಎಲ್ಲ ಯೋಜನೆಯನ್ನೂ ನಾನು ವಿರೋಧಿಸುತ್ತಿಲ್ಲ ಅನ್ನುತ್ತಾರೆ. ಸ್ಥಳೀಯ ತಿಳಿವಳಿಕೆಗೆ ಜಾಗವೇ ಕೊಡದ ಯೋಜನೆಯ ಮೇಲೆ ಅವರ ತಕರಾರು. ಇನ್ನೂ ಮುಂದೆ ಹೋಗಿ, ದೊಡ್ಡ ಬಂಡವಾಳವೂ ಸರ್ಕಾರದಷ್ಟೇ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುತ್ತದೆ, ನನ್ನದು ಅರ್ಥಶಾಸ್ತ್ರಜ್ಞರಾದ ಹಯೆಕ್, ಫ್ರೀಡ್‌ಮನ್ ಹೇಳುವ ಅಂಕೆಯಿಲ್ಲದ ಮಾರುಕಟ್ಟೆಯ ಪರ ವಾದವಲ್ಲ ಅಂತ ಹೆಸರು ಹಿಡಿದೇ ಹೇಳಿದ್ದಾರೆ. ನಾನು ಗೆಳೆಯರ ಮುಂದೆ ಕಾಫಿ ಕುಡಿಯುತ್ತಾ ಹೇಳಿದ್ದು ಸರಿಯಾಗಿ ಅವರು ಅಲ್ಲ ಅಂದದ್ದನ್ನೇ! ಓದುವಾಗ ಕಿವಿ ಬಿಸಿಯಾಯಿತು.

ಯಾಕೆ ಬೇಲಿ ಮುಖ್ಯ ಅಂದರೆ, ಲೇಖಕನಿಗೆ ತನ್ನನ್ನು ಜನ ಎಲ್ಲಿ ತಪ್ಪು ತಿಳಿಯುತ್ತಾರೆ ಅಂತ ಗೊತ್ತಿರುತ್ತದೆ. ಕರಡು ಓದಿದವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಅಂಥ ಸಾಲುಗಳು ಎಷ್ಟೋ ಸಲ ಸೇರುತ್ತವೆ. ಅವಸರದ ಓದುಗ ಬೀಳುವ ಗುಂಡಿಯ ಮೇಲೇ ಅವನು ಬೋರ್ಡು ನೆಟ್ಟಿರುತ್ತಾನೆ.

ಮುಂದಿನ ಹದಿನೈದು ನಿಮಿಷ ಉಪಸಂಹಾರಕ್ಕೆ. ಇದು ಹದಿನಾರು ಪುಟ. ಮೊದಲ ಎರಡು ಮೂರು ಪುಟ, ಒಳಗಿನ ಉಪಶೀರ್ಷಿಕೆಗಳು, ಕೊನೆಯ ಎರಡು ಪುಟ ಅಷ್ಟೇ ಓದಿದೆ. ಪೀಠಿಕೆಯಲ್ಲಿ ಇರದ ಹೊಸದೇನು ಇಲ್ಲಿ ಬಂದಿದೆ ಅನ್ನುವುದೊಂದೇ ಪ್ರಶ್ನೆ. ಸಿಕ್ಕಿತು. ಅಲ್ಲಿ ನಾಲ್ಕು ಬುದ್ಧಿಮಾತುಗಳಿವೆ: ಸಣ್ಣ ಹೆಜ್ಜೆ ಇಡಿ, ಹಿಂತೆಗೆದುಕೊಳ್ಳಬಹುದಾದ್ದನ್ನೇ ಮಾಡಿ, ಎಣಿಸದ್ದು ಬರುತ್ತದೆ ಅಂತ ಜಾಗ ಬಿಡಿ, ಮುಂದೆ ಅದರಲ್ಲಿ ತೊಡಗುವವರ ಜಾಣ್ಮೆಗೂ ಜಾಗ ಬಿಡಿ. ಯೋಜನೆಯೇ ಬೇಡ ಅನ್ನುವವರು ಯೋಜನೆ ಹೇಗೆ ಮಾಡಬೇಕು ಅಂತ ಯಾಕೆ ಹೇಳುತ್ತಾರೆ? ಅಲ್ಲಿಗೆ ನನ್ನ ಮೊದಲ ಊಹೆ ಪೂರ್ತಿ ಬಿತ್ತು. ‘ಮೇಟಿಸ್’ ಪದ ಉಪಶೀರ್ಷಿಕೆಗಳಲ್ಲೂ ಮತ್ತೆ ಬಂದಿತ್ತು. ಅಂದರೆ ಒಂಬತ್ತನೇ ಅಧ್ಯಾಯದ ಬಗ್ಗೆ ಹಾಕಿದ ಲೆಕ್ಕ ಸರಿ.

ಹತ್ತು ನಿಮಿಷ ಯಾವುದಾದರೂ ಒಂದು ಅಧ್ಯಾಯದ ಮೊದಲು ಕೊನೆ. ನಾನು ಮೊದಲನೆಯದನ್ನೇ ತೆಗೆದೆ, ಅಲ್ಲೇ ಸಿಕ್ಕಿಬಿದ್ದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪ್ರಷ್ಯಾ ಮತ್ತು ಸ್ಯಾಕ್ಸನಿಯ ಕಾಡು. ಹತ್ತಾರು ಜಾತಿಯ ಮರ ತೆಗೆದು ಒಂದೇ ಜಾತಿ, ಒಂದೇ ವಯಸ್ಸಿನ ಮರ ಸಾಲಾಗಿ ನೆಟ್ಟರು. ಎಣಿಸಲು ಸುಲಭ, ಕಡಿಯಲು ಸುಲಭ. ಮೊದಲ ಬೆಳೆ ಚೆನ್ನಾಗಿಯೇ ಬಂತು. ಎರಡನೇ ಸಲ ನೆಟ್ಟಾಗ ಇಳುವರಿ ಕುಸಿಯಿತು. ಅತ್ತಿ, ಬಸರಿ, ಹಲಸು ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟ ತೋಟಗಳನ್ನು ದಿನಾ ನೋಡುವ ನನಗೆ ಪುಸ್ತಕ ಕೆಳಗಿಡಲು ಮನಸ್ಸೇ ಬರಲಿಲ್ಲ. ಹತ್ತು ನಿಮಿಷದಲ್ಲಿ ಏಳು ಅಲ್ಲೇ ಹೋಯಿತು.

ಒಳ್ಳೆಯ ಉದಾಹರಣೆಯ ಅಪಾಯ ಇದೇ. ರುಚಿ ಹತ್ತಿದರೆ ಅದೇ ವಾದ ಅಂತ ಅನಿಸಿಬಿಡುತ್ತದೆ. ಆದರೆ ಆ ಭಾಗದ ಉಪಶೀರ್ಷಿಕೆಯಲ್ಲಿ ಸ್ಕಾಟ್ ಅದನ್ನು ‘ಪ್ಯಾರಬಲ್’ ಅಂದಿದ್ದಾರೆ, ದೃಷ್ಟಾಂತ ಕಥೆ ಅಂತ. ಕಾಡು ಇಲ್ಲಿ ಊರಿಗೆ, ಜನಕ್ಕೆ ಹೋಲಿಕೆ. ಉಪಶೀರ್ಷಿಕೆ ನೋಡದಿದ್ದರೆ ‘ಇದು ಪರಿಸರದ ಪುಸ್ತಕ’ ಅಂತ ಎರಡನೇ ಸಲವೂ ತಪ್ಪು ಹೇಳುತ್ತಿದ್ದೆ.

ಉಳಿದ ಐದು ನಿಮಿಷ ಪುಸ್ತಕ ಮುಚ್ಚಿ ಬರೆದೆ. ಮುಚ್ಚಲೇಬೇಕು, ಇಲ್ಲದಿದ್ದರೆ ಲೇಖಕನ ಮಾತನ್ನೇ ನಕಲು ಮಾಡುತ್ತೇವೆ. ಹೀಗೆ ಬಂತು: ‘ಮೇಲಿಂದ ಸರಳ ಮಾಡಿ ನೋಡುವ ಯೋಜನೆ, ಅತಿಯಾದ ನಂಬಿಕೆ, ತಡೆಯಿಲ್ಲದ ಅಧಿಕಾರ, ದನಿಯಿಲ್ಲದ ಜನ, ಈ ನಾಲ್ಕೂ ಸೇರಿದಾಗ ಯೋಜನೆ ಅನಾಹುತ ಮಾಡುತ್ತದೆ, ಯಾಕೆಂದರೆ ಅದು ಜನರ ಬಳಕೆಯ ತಿಳಿವಳಿಕೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಇದು ಮಾರುಕಟ್ಟೆಯ ಪರ ವಾದವಲ್ಲ.’ ಯಾವಾಗ, ಯಾಕೆ, ಯಾವುದಲ್ಲ, ಈ ಮೂರೂ ವಾಕ್ಯದಲ್ಲಿ ಬರದಿದ್ದರೆ ವಾದ ಸಿಕ್ಕಿಲ್ಲ, ಬರೀ ವಿಷಯ ಸಿಕ್ಕಿದೆ ಅಂತ ನನ್ನ ಅಳತೆ.

ಈ ಕ್ರಮ ಎಲ್ಲ ಪುಸ್ತಕಕ್ಕೂ ಒಗ್ಗುವುದಿಲ್ಲ. ನಮ್ಮ ಕನ್ನಡ ಪುಸ್ತಕಗಳಲ್ಲೇ ಎಡವಿದ್ದೇನೆ. ಮುನ್ನುಡಿಯನ್ನು ಎಷ್ಟೋ ಸಲ ಬೇರೆ ಹಿರಿಯರು ಬರೆದಿರುತ್ತಾರೆ, ಅಲ್ಲಿ ಲೇಖಕನ ವಾದಕ್ಕಿಂತ ಮೆಚ್ಚುಗೆ ಜಾಸ್ತಿ. ಲೇಖಕರ ಮಾತಿನಲ್ಲಿ ಕೃತಜ್ಞತೆಗಳೇ ತುಂಬಿರುತ್ತವೆ. ಅಂಥ ಕಡೆ ಮೊದಲ ಅಧ್ಯಾಯದ ಮೊದಲ ಹತ್ತು ಪುಟವನ್ನೇ ಪೀಠಿಕೆ ಅಂದುಕೊಂಡು ಓದುತ್ತೇನೆ. ಹಲವರ ಲೇಖನಗಳ ಸಂಕಲನವಾದರೆ ಸಂಪಾದಕರ ಮಾತು ಅವರು ಹೊಲಿದ ದಾರ ಮಾತ್ರ, ಒಳಗಿನವರು ಅದನ್ನು ಒಪ್ಪಿರಬೇಕಂತಿಲ್ಲ. ಮತ್ತೆ, ಈ ಒಂದು ಗಂಟೆಯಲ್ಲಿ ವಾದ ಯಾವುದು ಅಂತ ಗೊತ್ತಾಗುತ್ತದೆಯೇ ಹೊರತು ಅದು ನಿಜವಾ ಅಂತಲ್ಲ. ಪುರಾವೆ ಇರುವುದು ಆ ನಲವತ್ತು ಪುಟದ ಅಧ್ಯಾಯಗಳಲ್ಲಿ.

ಮುಂದಿನ ಸಲ ಸೇರಿದಾಗ ಆ ವಾಕ್ಯ ಓದಿ ಹೇಳಿದೆ. ಮೇಷ್ಟ್ರು ‘ಈಗ ಸರಿ’ ಅಂದರು, ಮುಗುಳ್ನಗಲಿಲ್ಲ. ಮಲ್ಲಂದೂರು ಕಡೆ ತೋಟ ಇರುವ ಗೆಳೆಯ ಕೇಳಿದ: ‘ನಾಲ್ಕೂ ಇರಬೇಕು ಅಂತೀಯಲ್ಲ, ತಾಂಜಾನಿಯಾದಲ್ಲಿ ನಾಲ್ಕೂ ಇತ್ತಾ?’ ನನಗೆ ಗೊತ್ತಿರಲಿಲ್ಲ. ಏಳನೇ ಅಧ್ಯಾಯ ಅವನಿಗೇ ಬಿತ್ತು, ಬೇಸಾಯದ ಎಂಟನೆಯದು ಮೇಷ್ಟ್ರಿಗೆ. ಒಂಬತ್ತನೆಯದನ್ನು ನಾನು ಕೇಳಿ ಇಸಕೊಂಡೆ.