ಬೆಲೆಯಲ್ಲಿ ಶೇ. 5 ಇಳಿಸಿದರೆ ಏನಾಗುತ್ತೆ? ನಾನು ಲೆಕ್ಕ ಹಾಕಿದ ಬಗೆ

ಒಂದೇ ಬಗೆಯ ಪ್ಲಾಸ್ಟಿಕ್ ಡಬ್ಬಿ ಮಾಡುವ ಸಣ್ಣ ಘಟಕವೊಂದರ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತಿದ್ದೆ. ಒಂದು ದಿನ ಮಾಲೀಕರು ಬಂದು, "ಬೆಲೆ ಶೇ. 5 ಇಳಿಸೋಣ ಅಂತಿದ್ದೀನಿ. ಮಾರಾಟ ಶೇ. 10 ಆದರೂ ಜಾಸ್ತಿ ಆಗುತ್ತೆ. ಲಾಭ ಏರುತ್ತೆ ಅಲ್ವಾ?" ಎಂದು ಕೇಳಿದರು. ಶೇ. 5 ಬಿಟ್ಟುಕೊಟ್ಟು ಶೇ. 10 ಪಡೆಯುವುದು ಕೇಳಲು ಲಾಭದ ಮಾತೇ. ನನಗೂ ಮೊದಲು ಹಾಗೇ ಅನಿಸಿತು. ಆದರೂ ಲೆಕ್ಕ ಹಾಕಿ ಹೇಳುತ್ತೇನೆ ಎಂದೆ.

ಸುಲಭವಾಗಿ ಅರ್ಥವಾಗಲಿ ಎಂದು ಇಲ್ಲಿ ಬೆಲೆಯನ್ನು 100 ಎಂದು ಇಟ್ಟುಕೊಂಡು, ಉಳಿದ ಅಂಕಿಗಳನ್ನು ಅದಕ್ಕೆ ಹೊಂದಿಸಿದ್ದೇನೆ. ಒಂದು ಡಬ್ಬಿಗೆ ತಗಲುವ ಬದಲಾಗುವ ವೆಚ್ಚ 60. ಕಚ್ಚಾ ಮಾಲು, ಪ್ಯಾಕಿಂಗ್, ಸಾಗಾಟ ಎಲ್ಲ ಇದರಲ್ಲೇ ಬಂತು. ತಿಂಗಳಿಗೆ 10,000 ಡಬ್ಬಿ ಮಾರಾಟ. ಬಾಡಿಗೆ, ಸಂಬಳದಂಥ ಸ್ಥಿರ ವೆಚ್ಚ 3 ಲಕ್ಷ. ಒಂದು ಡಬ್ಬಿಯಿಂದ ಕೈಗೆ ಉಳಿಯುವುದು, ಅಂದರೆ ಕಾಂಟ್ರಿಬ್ಯೂಷನ್, 40. ಸ್ಥಿರ ವೆಚ್ಚವನ್ನು ಈ 40ರಿಂದ ಭಾಗಿಸಿದರೆ ಬ್ರೇಕ್-ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಮಾರಾಟ, 7,500 ಡಬ್ಬಿ. ಲಾಭ 1 ಲಕ್ಷ.

ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಅಂಕಿಗಳನ್ನು B1ರಿಂದ B4ರವರೆಗೆ ಇಟ್ಟೆ: ಬೆಲೆ, ಬದಲಾಗುವ ವೆಚ್ಚ, ಪ್ರಮಾಣ, ಸ್ಥಿರ ವೆಚ್ಚ. ಲಾಭದ ಸೂತ್ರ ಇಷ್ಟೇ:

```
=(B1-B2)*B3-B4
```

ಈ ಸರಳ ರೂಪಕ್ಕೆ ನಾನು ಮೊದಲ ಸಲವೇ ಬರಲಿಲ್ಲ. ಮೊದಲ ಹಾಳೆಯಲ್ಲಿ ಒಟ್ಟು ಬದಲಾಗುವ ವೆಚ್ಚವನ್ನು ಲೆಡ್ಜರ್‌ನಿಂದ ಎತ್ತಿ 6,00,000 ಎಂದು ಹಾಗೇ ಟೈಪ್ ಮಾಡಿದ್ದೆ. ಬೆಲೆ ಶೇ. 10 ಇಳಿಸಿದೆ, ಲಾಭ ಸೊನ್ನೆ ಬಂತು. ಪ್ರಮಾಣ ಶೇ. 10 ಇಳಿಸಿದೆ, ಆಗಲೂ ಸೊನ್ನೆ. ಎರಡೂ ಒಂದೇ ಉತ್ತರ ಕೊಟ್ಟಾಗ ಎಲ್ಲೋ ತಪ್ಪಿದೆ ಎಂದು ಹೊಳೆಯಿತು. ಡಬ್ಬಿ ಕಡಿಮೆ ಮಾರಿದರೆ ಕಚ್ಚಾ ಮಾಲಿನ ಖರ್ಚೂ ಕಡಿಮೆ ಆಗಬೇಕು. ನನ್ನ ಹಾಳೆಯಲ್ಲಿ ಅದು ಅಲುಗಾಡುತ್ತಲೇ ಇರಲಿಲ್ಲ. ಬೆಲೆಯ ಏಟೂ ಪ್ರಮಾಣದ ಏಟೂ ಸಮ ಎಂದು ಯಾವ ಹಾಳೆಯಾದರೂ ಹೇಳಿದರೆ ಮೊದಲು ಈ ಜಾಗವನ್ನೇ ನೋಡಿ.

ಸರಿಪಡಿಸಿದ ಮೇಲೆ ಒಂದೊಂದನ್ನೇ ಶೇ. 10ರಷ್ಟು ಕೆಟ್ಟ ಕಡೆಗೆ ಸರಿಸಿದೆ. ಬೆಲೆ ಇಳಿದಾಗ ಲಾಭ ಪೂರ್ತಿ ಹೋಯಿತು. ಬದಲಾಗುವ ವೆಚ್ಚ ಏರಿದಾಗ ಲಾಭ 40,000ಕ್ಕೆ ಬಂತು. ಪ್ರಮಾಣ ಇಳಿದಾಗ 60,000 ಉಳಿಯಿತು. ಅಂದರೆ ಪ್ರತಿ ಶೇ. 1 ಬದಲಾವಣೆಗೆ ಲಾಭ ಕ್ರಮವಾಗಿ ಶೇ. 10, 6 ಮತ್ತು 4ರಷ್ಟು ಅಲುಗಾಡುತ್ತದೆ. 10ರಲ್ಲಿ 6 ಕಳೆದರೆ 4. ಇದು ಕಾಕತಾಳೀಯ ಅಲ್ಲ. ಪ್ರಮಾಣ ಬದಲಾದಾಗ ಆದಾಯ ಮತ್ತು ಬದಲಾಗುವ ವೆಚ್ಚ ಎರಡೂ ಒಟ್ಟಿಗೆ ಸರಿಯುತ್ತವೆ, ಹಾಗಾಗಿ ಒಂದರಲ್ಲಿ ಇನ್ನೊಂದು ಕಳೆದುಹೋಗುತ್ತದೆ. ಹಾಳೆ ಸರಿಯಿದೆಯೇ ಎಂದು ನೋಡಲು ನಾನು ಇವತ್ತಿಗೂ ಈ ಕಳೆಯುವ ಲೆಕ್ಕವನ್ನೇ ಮಾಡುತ್ತೇನೆ.

ಈ 10, 6, 4 ಈಗಿನ ಸ್ಥಿತಿಗೆ ಮಾತ್ರ ಸರಿ. ಮಾರಾಟ 8,000 ಡಬ್ಬಿಗೆ ಬಿದ್ದಿದ್ದರೆ ಲಾಭ ಬರೀ 20,000. ಆಗ ಬೆಲೆಯಲ್ಲಿ ಶೇ. 2.5 ಇಳಿದರೂ ಲಾಭ ಸೊನ್ನೆ. ಬ್ರೇಕ್-ಈವನ್‌ಗೆ ಹತ್ತಿರ ಹೋದಷ್ಟೂ ಸಣ್ಣ ತಳ್ಳಾಟವೂ ದೊಡ್ಡದಾಗಿ ತಾಗುತ್ತದೆ. ಹಾಗಾಗಿ ಹಳೆಯ ತಿಂಗಳ ಅಂಕಿ ಹಿಡಿದು ಹೊಸ ನಿರ್ಧಾರ ಮಾಡಬೇಡಿ ಎಂದು ಮಾಲೀಕರಿಗೆ ಅವತ್ತೇ ಹೇಳಿದ್ದೆ.

ಈಗ ಅವರ ಪ್ರಶ್ನೆಗೆ ಬರೋಣ. ಅಲ್ಲಿ ಬೆಲೆ ಮತ್ತು ಪ್ರಮಾಣ ಎರಡೂ ಒಟ್ಟಿಗೆ ಬದಲಾಗುತ್ತವೆ. ಅದಕ್ಕೆ ಎಕ್ಸೆಲ್‌ನ Data Table ಬಳಸಿದೆ. ಮೇಲಿನ ಸಾಲಿನಲ್ಲಿ ಬೇರೆ ಬೇರೆ ಬೆಲೆ, ಎಡಗಡೆ ಬೇರೆ ಬೇರೆ ಪ್ರಮಾಣ, ಮೂಲೆಯಲ್ಲಿ ಲಾಭದ ಸೂತ್ರ. Row input cell ಜಾಗದಲ್ಲಿ B1, Column input cell ಜಾಗದಲ್ಲಿ B3. ಇವೆರಡೂ ಕೋಷ್ಟಕ ಇರುವ ಹಾಳೆಯಲ್ಲೇ ಇರಬೇಕು, ಇಲ್ಲದಿದ್ದರೆ ಎಕ್ಸೆಲ್ ಒಪ್ಪುವುದಿಲ್ಲ. ಅಂಕಿ ಬದಲಾಯಿಸಿದರೂ ಕೋಷ್ಟಕ ಹಳೆಯ ಉತ್ತರವನ್ನೇ ತೋರಿಸುತ್ತಿದ್ದರೆ, Data Table ಬಿಟ್ಟು ಉಳಿದದ್ದನ್ನು ಮಾತ್ರ ಲೆಕ್ಕ ಹಾಕುವ ಸೆಟ್ಟಿಂಗ್ ಆನ್ ಆಗಿರಬಹುದು. ಆಗ F9 ಒತ್ತಬೇಕು.

ಬೆಲೆ 95, ಪ್ರಮಾಣ 11,000 ಇರುವ ಮನೆಯಲ್ಲಿ 85,000 ಕಾಣಿಸಿತು. ಮಾಲೀಕರು ನಂಬಲಿಲ್ಲ. "ವ್ಯಾಪಾರ 10 ಲಕ್ಷದಿಂದ 10,45,000ಕ್ಕೆ ಏರಿದೆಯಲ್ಲ?" ಎಂದರು. ವ್ಯಾಪಾರ ಏರಿದ್ದು ನಿಜ. ಆದರೆ 40 ಉಳಿಯುತ್ತಿದ್ದ ಡಬ್ಬಿಯಲ್ಲಿ ಈಗ 35 ಮಾತ್ರ ಉಳಿಯುತ್ತದೆ. ಬೆಲೆ ಶೇ. 5 ಇಳಿದರೂ ಕೈಗೆ ಉಳಿಯುವುದು ಶೇ. 12.5 ಇಳಿಯಿತು. ಅವರು ಶೇ. 10ನ್ನು ಶೇ. 5ರ ಜೊತೆ ಹೋಲಿಸುತ್ತಿದ್ದರು. ಹೋಲಿಸಬೇಕಾದದ್ದು ಈ ಕಾಂಟ್ರಿಬ್ಯೂಷನ್ ಜೊತೆ.

ಹಳೆಯ ಲಾಭ ಉಳಿಯಬೇಕಾದರೆ ಒಟ್ಟು 4 ಲಕ್ಷ ಕಾಂಟ್ರಿಬ್ಯೂಷನ್ ಬೇಕು. ಅದನ್ನು 35ರಿಂದ ಭಾಗಿಸಿದರೆ 11,429 ಡಬ್ಬಿ. ಅಂದರೆ ಶೇ. 14.3 ಜಾಸ್ತಿ ಮಾರಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಮಾಲೀಕರು "ಶೇ. 15 ಮಾರಿ ತೋರಿಸ್ತೀನಿ" ಎಂದು ಹೊರಟುಬಿಡುತ್ತಿದ್ದರೋ ಏನೋ. ಹಾಗಾಗಿ ಯಂತ್ರ ನೋಡಿಕೊಳ್ಳುವವರನ್ನು ಕೇಳಿದೆ. ಒಂದು ಪಾಳಿಯಲ್ಲಿ 11,000ಕ್ಕಿಂತ ಜಾಸ್ತಿ ಆಗಲ್ಲ ಎಂದರು. ಅದರ ಮೇಲೆ ಹೋಗಬೇಕಾದರೆ ಎರಡನೇ ಪಾಳಿ ಬೇಕು, ತಿಂಗಳಿಗೆ ಇನ್ನೂ 40,000 ಖರ್ಚು. ಸ್ಥಿರ ಎಂದುಕೊಂಡಿದ್ದ ವೆಚ್ಚ ಅಲ್ಲಿ ಒಂದು ಮೆಟ್ಟಿಲು ಏರುತ್ತದೆ. ಈಗ ಬೇಕಾದದ್ದು 4,40,000, ಅಂದರೆ 12,572 ಡಬ್ಬಿ. ಹಾಳೆ ಕೇಳಿದ್ದ ಶೇ. 14 ಹೀಗೆ ಸುಮಾರು ಶೇ. 26 ಆಯಿತು. B4ನ ಅಂಕಿ ಯಾವ ಪ್ರಮಾಣದವರೆಗೆ ಸರಿ ಎಂಬುದನ್ನು ಅದರ ಪಕ್ಕದ ಮನೆಯಲ್ಲಿ ಬರೆದಿಡುವ ಅಭ್ಯಾಸ ಶುರುವಾದದ್ದು ಅಂದಿನಿಂದ.

ಬೆಲೆ, ಬದಲಾಗುವ ವೆಚ್ಚ, ಪ್ರಮಾಣ ಮೂರೂ ಒಟ್ಟಿಗೆ ಶೇ. 5ರಷ್ಟು ಕೆಟ್ಟರೆ ಏನಾಗುತ್ತೆ ಎಂದೂ ನೋಡಿದೆ. ಬಿಡಿಬಿಡಿಯಾಗಿ ನಷ್ಟ 50,000, 30,000 ಮತ್ತು 20,000. ಕೂಡಿದರೆ ಲಾಭ ಸೊನ್ನೆ ಆಗಬೇಕಿತ್ತು. ಒಟ್ಟಿಗೆ ಹಾಕಿದರೆ 4,000 ಉಳಿಯಿತು. ಮಾರದೇ ಉಳಿದ 500 ಡಬ್ಬಿಗಳ ಮೇಲೆ ಬೆಲೆಯ 5 ಮತ್ತು ವೆಚ್ಚದ 3ರ ಹೊಡೆತ ಬೀಳಲಿಲ್ಲ. 500ಕ್ಕೆ 8ರಂತೆ 4,000. ಇಲ್ಲಿ ವ್ಯತ್ಯಾಸ ಸಣ್ಣದು. ಬದಲಾವಣೆ ದೊಡ್ಡದಾದಷ್ಟೂ ಬಿಡಿ ನಷ್ಟಗಳನ್ನು ಸುಮ್ನೆ ಕೂಡಿಸುವುದು ಜಾಸ್ತಿ ತಪ್ಪುತ್ತದೆ.

ಕೊನೆಗೆ ಮಾಲೀಕರು ಎಲ್ಲರಿಗೂ ಬೆಲೆ ಇಳಿಸುವ ಯೋಚನೆ ಬಿಟ್ಟರು. ಹೊಸ ಗಿರಾಕಿಯೊಬ್ಬರಿಗೆ ಮಾತ್ರ 1,000 ಡಬ್ಬಿ, 95ರ ಬೆಲೆಗೆ. ಒಂದೇ ಪಾಳಿಯಲ್ಲಿ ಆಗುವ ಕೆಲಸ, 35,000 ಹೆಚ್ಚಿನ ಲಾಭ. ಹಳೇ ಗಿರಾಕಿಗಳಿಗೆ ಗೊತ್ತಾಗಿ ಅವರೂ 95ಕ್ಕೇ ಕೇಳಿದರೆ? ಒಂದು ಡಬ್ಬಿಗೆ 5ರಂತೆ ಹೋಗುತ್ತದೆ. 35,000ವನ್ನು 5ರಿಂದ ಭಾಗಿಸಿದೆ. ಹಳೆಯ 10,000ದಲ್ಲಿ 7,000 ಡಬ್ಬಿ ದಾಟುವವರೆಗೆ ನಷ್ಟವಿಲ್ಲ ಎಂದು ಅವರಿಗೆ ಬರೆದುಕೊಟ್ಟೆ.