ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಮುಂಚೆ ಕೋಲಿನಿಂದ ಅಳೆಯಿರಿ

ಉದ್ದ ಕೋಲಿನ ತುದಿಗೆ ಹಳೇ ಬಿಳಿ ಪಂಚೆ ಸುತ್ತಿ ಟ್ಯಾಂಕಿನ ತಳಕ್ಕೆ ಇಳಿಸಿ, ಕೆಲವು ನಿಮಿಷ ಬಿಟ್ಟು ನಿಧಾನವಾಗಿ ಎತ್ತಿ. ಬಟ್ಟೆಗೆ ಕಪ್ಪಗೆ ಅಂಟಿದ್ದಷ್ಟು ಎತ್ತರ ಕೆಸರಿದೆ ಅಂತ ಅರ್ಥ. ನೀರು 5 ಅಡಿ ಇದ್ದು ಕಪ್ಪು 20 ಇಂಚು ಮುಟ್ಟಿದರೆ, ಅಂದರೆ ಮೂರನೇ ಒಂದು ಭಾಗವಾದರೆ, ಸಕ್ಕಿಂಗ್ ಗಾಡಿ ಕರೆಸಿ. ಸಾಮಾನ್ಯವಾಗಿ 2-3 ವರ್ಷಕ್ಕೆ ಈ ಮಟ್ಟ ಬರುತ್ತದೆ. ಗಟ್ಟಿ ತಳಕ್ಕೆ ಕೂತು, ಜಿಡ್ಡು ಮೇಲೆ ತೇಲಿ, ನಡುವಿನ ನೀರಷ್ಟೇ ಇಂಗುಗುಂಡಿಗೆ ಹೋಗಬೇಕು. ಕೆಸರು ಏರಿದರೆ ಅದೂ ಜೊತೆಗೆ ಹೋಗಿ ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಅದರ ರಿಪೇರಿ ಖರ್ಚೇ ಜಾಸ್ತಿ. ದಿನಾ ಆಸಿಡ್, ಫಿನಾಯಿಲ್ ಸುರಿದರೆ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಸರು ಬೇಗ ಏರುತ್ತದೆ. ತಳಕ್ಕೆ ಕಾಂಕ್ರೀಟ್ ಇಲ್ಲದ ಬರೀ ಗುಂಡಿಗೆ ಈ ಲೆಕ್ಕ ನಡೆಯಲ್ಲ. ಮುಚ್ಚಳ ತೆಗೆದಾಗ ಒಳಗೆ ಬಗ್ಗಬೇಡಿ, ಬೆಂಕಿ ತರಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸ್ ಪ್ರಾಣ ತೆಗೆಯುತ್ತದೆ.