ಇನ್ಸುಲಿನ್‌ಗಿಂತ ಮೊದಲು ಪೊಟ್ಯಾಸಿಯಂ: ವೈವಾಕ್ಕೆ ನಾನು ಹೇಳಿಕೊಡುವ ಒಂದು ಡಿಕೆಎ ಕೇಸ್

ರಾತ್ರಿ ಹತ್ತರ ಹೊತ್ತಿಗೆ ಕ್ಯಾಶುವಾಲಿಟಿಗೆ ಬಂದ ಹುಡುಗನಿಗೆ 19 ವರ್ಷ, ತೂಕ 50 ಕೆ.ಜಿ. ಹೊಟ್ಟೆನೋವು, ನಿಲ್ಲದ ವಾಂತಿ. ಜೊತೆಗೆ ತಂದಿದ್ದ ಚೀಟಿಯಲ್ಲಿ ‘ಅಪೆಂಡಿಸೈಟಿಸ್ ಇರಬಹುದು’ ಎಂದಿತ್ತು. ಆದರೆ ನನ್ನ ಕಣ್ಣು ಹೋದದ್ದು ಅವನ ಉಸಿರಿನ ಕಡೆಗೆ. ನಿಮಿಷಕ್ಕೆ 34, ಆಳವಾದ ಉಸಿರು, ಓಡಿ ಬಂದವನ ಹಾಗೆ. ಶ್ವಾಸಕೋಶ ಕೇಳಿದರೆ ಶುಭ್ರವಾಗಿದೆ. ಒಳಗಿನ ಆಮ್ಲವನ್ನು ಉಸಿರಿನಲ್ಲಿ ಹೊರಹಾಕಲು ದೇಹ ಪಡುತ್ತಿರುವ ಶ್ರಮ ಇದು. ವೈವಾದಲ್ಲಿ ಇದನ್ನೇ ಕುಸ್ಮಾಲ್ ಉಸಿರಾಟ ಎನ್ನುತ್ತೇವೆ.

ತಾಯಿಯನ್ನು ಕೇಳಿದೆ. ‘ಎಂಟು ವರ್ಷದಿಂದ ಶುಗರ್ ಐತ್ರಿ ಡಾಕ್ಟ್ರೇ. ಜಾತ್ರೆಯಿಂದ ಬಂದ ಮೇಲೆ ವಾಂತಿ ಭೇದಿ. ಎರಡು ದಿನದಿಂದ ಊಟಾನೇ ಇಲ್ಲ, ಇನ್ಸುಲಿನ್ ಕೊಟ್ರೆ ಶುಗರ್ ಇಳಿದುಬಿಡ್ತದೆ ಅಂತ ಬಿಟ್ಟೆ’ ಎಂದರು. ಕಾರಣ ಅಲ್ಲೇ ಸಿಕ್ಕಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಪೊಟ್ಯಾಸಿಯಂ ಲೆಕ್ಕಕ್ಕೂ ಇದು ಬೇಕು.

ಗ್ಲುಕೋಮೀಟರ್‌ನಲ್ಲಿ 486. ಮೂತ್ರದಲ್ಲಿ ಕೀಟೋನ್ ಮೂರು ಪ್ಲಸ್. ಎರಡು ಕೈಗೂ ಕ್ಯಾನುಲಾ ಹಾಕಿ, ರಕ್ತ ಕಳಿಸಿ, ಒಂದು ಲೀಟರ್ ನಾರ್ಮಲ್ ಸಲೈನ್ ಒಂದು ಗಂಟೆಯಲ್ಲಿ ಹೋಗಲಿ ಎಂದೆ. ಕೆ.ಜಿ.ಗೆ 20 ಮಿ.ಲೀ. ಲೆಕ್ಕದಲ್ಲಿ 50 ಕೆ.ಜಿ.ಗೆ ಸರಿಯಾಗಿ ಒಂದು ಲೀಟರ್. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದವರಿಗೆ ಈ ವೇಗ ಸಲ್ಲದು. ಅದೇ ಉಸಿರಿನಲ್ಲಿ ಸಿಸ್ಟರ್‌ಗೆ ‘ಇನ್ಸುಲಿನ್ ಲೋಡ್ ಮಾಡಿ’ ಎಂದೂ ಹೇಳಿಬಿಟ್ಟೆ. ಅದು ತಪ್ಪು. ಅಷ್ಟರಲ್ಲಿ ಇಸಿಜಿ ಕೈಗೆ ಬಂತು. ಟಿ ಅಲೆಗಳು ಚಪ್ಪಟೆಯಾಗಿದ್ದವು, ಅವುಗಳ ನಂತರ ಯು ಅಲೆ ಕಾಣುತ್ತಿತ್ತು, ಪೊಟ್ಯಾಸಿಯಂ ಕಡಿಮೆ ಇರುವ ಗುರುತು. ‘ಸಿಸ್ಟರ್, ತಾಳಿ, ಇನ್ಸುಲಿನ್ ಈಗ ಬೇಡ’ ಎಂದೆ. ಹತ್ತು ನಿಮಿಷದಲ್ಲಿ ಬ್ಲಡ್ ಗ್ಯಾಸ್ ಬಂತು: ಪಿಎಚ್ 7.08, ಬೈಕಾರ್ಬ್ 6, ಸೋಡಿಯಂ 130, ಕ್ಲೋರೈಡ್ 98, ಪೊಟ್ಯಾಸಿಯಂ 3.1.

ಎಕ್ಸಾಮಿನರ್ ಇಲ್ಲಿ ನಿಮ್ಮನ್ನು ನಿಲ್ಲಿಸುತ್ತಾರೆ. ಮೊದಲು ಆನಯಾನ್ ಗ್ಯಾಪ್ ಕೇಳುತ್ತಾರೆ: 130ರಿಂದ 98 ಮತ್ತು 6 ಕಳೆದರೆ 26. ಸಾಮಾನ್ಯವಾಗಿ 12ರ ಒಳಗಿರಬೇಕು. ಹೆಚ್ಚಾಗಿರುವುದು ಕೀಟೋನ್ ಆಮ್ಲಗಳಿಂದ. ಆಮೇಲಿನ ಪ್ರಶ್ನೆ, ‘ಈಗ ಇನ್ಸುಲಿನ್ ಕೊಡುತ್ತೀರಾ?’

ಇಲ್ಲ ಎನ್ನಬೇಕು, ಯಾಕೆಂದೂ ಹೇಳಬೇಕು. ಡಿಕೆಎಯಲ್ಲಿ ಮೂತ್ರದ ಜೊತೆ, ವಾಂತಿಯ ಜೊತೆ ಪೊಟ್ಯಾಸಿಯಂ ದಿನಗಟ್ಟಲೆ ಹೊರಗೆ ಹೋಗಿರುತ್ತದೆ. ಆದರೂ ಇನ್ಸುಲಿನ್ ಇಲ್ಲದ್ದರಿಂದ ಜೀವಕೋಶದೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬಂದು ನಿಂತಿರುತ್ತದೆ. ಹಾಗಾಗಿ ಬಹಳ ರೋಗಿಗಳಲ್ಲಿ ರಿಪೋರ್ಟ್ ನಾರ್ಮಲ್ ಅಥವಾ ಹೆಚ್ಚೇ ಇರುತ್ತದೆ. ಬೊಕ್ಕಸ ಖಾಲಿ, ಅಂಗಡಿಯ ಮುಂದೆ ಮಾತ್ರ ಸಾಮಾನು ಹರವಿಟ್ಟ ಹಾಗೆ. ಈ ಹುಡುಗನಿಗೆ ಎರಡು ದಿನದ ವಾಂತಿ ಭೇದಿಯೂ ಸೇರಿ, ರಕ್ತದಲ್ಲೇ 3.1ಕ್ಕೆ ಇಳಿದಿತ್ತು. ಅಂದರೆ ಒಳಗಿನ ಕೊರತೆ ಇನ್ನೂ ದೊಡ್ಡದು. ಇನ್ಸುಲಿನ್ ಕೊಟ್ಟ ತಕ್ಷಣ ಉಳಿದದ್ದೂ ಜೀವಕೋಶಕ್ಕೆ ನುಗ್ಗುತ್ತದೆ. ಆಗ ಹೃದಯದ ಲಯ ಕೆಡಬಹುದು, ಉಸಿರಾಟದ ಸ್ನಾಯು ಸೋಲಬಹುದು. 3.5ಕ್ಕಿಂತ ಕಡಿಮೆ ಇದ್ದರೆ ಪೊಟ್ಯಾಸಿಯಂ ಮೊದಲು, ಇನ್ಸುಲಿನ್ ನಂತರ. ಹಳೆಯ ಮಾರ್ಗಸೂಚಿ 3.3 ಎನ್ನುತ್ತಿತ್ತು, ಎರಡರಲ್ಲಿ ಯಾವುದನ್ನು ಹೇಳಿದರೂ ಒಪ್ಪುತ್ತಾರೆ, ಕಾರಣ ಹೇಳಿದರೆ.

ಮೂತ್ರ ಬರುತ್ತಿದೆ ಎಂದು ಖಚಿತ ಮಾಡಿಕೊಂಡೆ. ನಮ್ಮಲ್ಲಿ ಸಿಗುವ 10 ಮಿ.ಲೀ. ಕೆಸಿಎಲ್ ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಒಂದು ಲೀಟರ್ ಸಲೈನ್‌ಗೆ ಎರಡು ಆಂಪ್ಯೂಲ್ ಸೇರಿಸಿ, ಚೆನ್ನಾಗಿ ಅಲುಗಾಡಿಸಿ, ಎರಡೂ ಕೈಯಲ್ಲಿ ಗಂಟೆಗೆ 250 ಮಿ.ಲೀ.ಯಂತೆ ಬಿಟ್ಟೆ. ಒಂದೊಂದು ಕೈಗೆ 10, ಒಟ್ಟು ಗಂಟೆಗೆ 20. ಮಾನಿಟರ್ ಹಾಕಿಯೇ ಇದ್ದೆವು. ಕೆಸಿಎಲ್ ಅನ್ನು ನೇರವಾಗಿ ಸಿರಿಂಜ್‌ನಿಂದ ತಳ್ಳುವ ಮಾತೇ ಇಲ್ಲ, ಹೃದಯ ನಿಂತುಹೋಗುತ್ತದೆ.

ಎರಡು ಗಂಟೆ ಕಾಯುವುದು ಸುಲಭವಲ್ಲ. ಪಕ್ಕದಲ್ಲಿ ತಾಯಿ ‘ಶುಗರ್ ಇಂಜೆಕ್ಷನ್ ಯಾಕ್ರೀ ಹಾಕ್ಲಿಲ್ಲ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಆದರೆ ಆ ಹೊತ್ತು ವ್ಯರ್ಥವಾಗಲಿಲ್ಲ. ಬರೀ ಡ್ರಿಪ್‌ನಲ್ಲೇ ಸಕ್ಕರೆ 410ಕ್ಕೆ ಇಳಿದಿತ್ತು, ನಾಡಿ ನಿಧಾನವಾಗಿತ್ತು. ರಾತ್ರಿ ಒಂದು ಗಂಟೆಗೆ ಪೊಟ್ಯಾಸಿಯಂ 3.6 ಬಂತು. ಆಗ ಇನ್ಸುಲಿನ್ ಶುರು.

ಕೆ.ಜಿ.ಗೆ ಗಂಟೆಗೆ 0.1 ಯೂನಿಟ್, ಅಂದರೆ 5 ಯೂನಿಟ್. 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಅನ್ನು ಸಲೈನ್ ಸೇರಿಸಿ 50 ಮಿ.ಲೀ. ಮಾಡಿದರೆ, ಪಂಪ್‌ನಲ್ಲಿ ಗಂಟೆಗೆ 5 ಮಿ.ಲೀ. ಇಲ್ಲಿ ಒಂದು ಬಲೆ ಇದೆ. ನಮ್ಮ ವಾರ್ಡ್‌ಗಳ ವಯಲ್ ಬಹುಪಾಲು ಮಿ.ಲೀ.ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕು. ಆತುರದಲ್ಲಿ ಕಿತ್ತಳೆ ಮುಚ್ಚಳದ 100ರ ಸಿರಿಂಜ್‌ನಲ್ಲಿ 50ರ ಗೆರೆಗೆ ಎಳೆದರೆ ಒಳಗೆ ಬರುವುದು 20 ಯೂನಿಟ್ ಮಾತ್ರ. ಸಕ್ಕರೆ ಇಳಿಯುತ್ತಿಲ್ಲ ಎಂದು ಡೋಸ್ ಏರಿಸುವ ಮುಂಚೆ ನಾನು ಸಿರಿಂಜ್ ನೋಡುತ್ತೇನೆ. ಸಕ್ಕರೆ ಗಂಟೆಗೆ 50ರಿಂದ 75 ಇಳಿಯಬೇಕು.

ಬೆಳಗಿನ ಐದಕ್ಕೆ ಹೌಸ್ ಸರ್ಜನ್ ಬಂದು ‘ಶುಗರ್ 225 ಸರ್, ಇನ್ಸುಲಿನ್ ನಿಲ್ಲಿಸ್ಲಾ?’ ಎಂದಳು. ವೈವಾದಲ್ಲಿ ಜನ ಎರಡನೇ ಸಲ ಬೀಳುವ ಜಾಗ ಇದೇ. ರಿಪೋರ್ಟ್ ತರಿಸಿದೆ. ಸೋಡಿಯಂ 136, ಕ್ಲೋರೈಡ್ 108, ಬೈಕಾರ್ಬ್ 11. ಗ್ಯಾಪ್ ಇನ್ನೂ 17. ಸಕ್ಕರೆ ಇಳಿದಿದೆ, ಆಮ್ಲ ಉಳಿದಿದೆ. ಕೀಟೋನ್ ತಯಾರಾಗುವುದನ್ನು ತಡೆಯುವುದು ಇನ್ಸುಲಿನ್, ಅದನ್ನು ನಿಲ್ಲಿಸಿದರೆ ಮತ್ತೆ ಮೊದಲಿಗೆ. ಆದ್ದರಿಂದ ಸಕ್ಕರೆ 250ಕ್ಕಿಂತ ಕೆಳಗಿಳಿದಾಗ ಡ್ರಿಪ್ ಬದಲಾಗುತ್ತದೆ, ಇನ್ಸುಲಿನ್ ನಿಲ್ಲುವುದಿಲ್ಲ. ಸಲೈನ್ ತೆಗೆದು ಡಿಎನ್‌ಎಸ್ ಹಾಕಿದೆವು, ಅದಕ್ಕೂ ಕೆಸಿಎಲ್ ಸೇರಿಸಿ. ಪಂಪ್ ಅನ್ನು 2.5ಕ್ಕೆ ಇಳಿಸಿದೆವು.

ಅವಳು ಮೂತ್ರದ ಪಟ್ಟಿ ತೋರಿಸಿ ‘ಕೀಟೋನ್ ಇನ್ನೂ ಗಾಢ ಆಗಿದೆಯಲ್ಲ ಸರ್’ ಎಂದಳು. ಪಟ್ಟಿ ಗುರುತಿಸುವುದು ಅಸಿಟೋಅಸಿಟೇಟ್ ಅನ್ನು. ಚಿಕಿತ್ಸೆಯಲ್ಲಿ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೇ ಬದಲಾಗುವುದರಿಂದ, ರೋಗಿ ಸುಧಾರಿಸುವಾಗಲೂ ಬಣ್ಣ ಗಾಢವಾಗಬಹುದು. ರಕ್ತದ ಕೀಟೋನ್ ಪರೀಕ್ಷೆ ಇಲ್ಲದ ಕಡೆ ಗ್ಯಾಪ್ ಮತ್ತು ಬೈಕಾರ್ಬ್ ನಂಬಿ.

ಸೋಡಿಯಂ ಬೈಕಾರ್ಬ್ ಕೊಡಲಿಲ್ಲ, ಪಿಎಚ್ 7.0ಕ್ಕಿಂತ ಕೆಳಗಿದ್ದರೆ ಮಾತ್ರ ಯೋಚಿಸುತ್ತೇವೆ. ಕೊಟ್ಟಿದ್ದರೆ ಪೊಟ್ಯಾಸಿಯಂ ಇನ್ನೂ ಇಳಿಯುತ್ತಿತ್ತು.

ಹೊಟ್ಟೆನೋವು? ಆಮ್ಲ ಇಳಿದ ಹಾಗೆ ಅದೂ ಇಳಿಯಿತು. ಸರ್ಜನ್ ಬಂದು ನೋಡಿದ್ದರು, ಬೆಳಿಗ್ಗೆ ಮತ್ತೆ ನೋಡುವ ಎಂದಿದ್ದರು. ಆಮ್ಲ ಸರಿಯಾದ ಮೇಲೂ ನೋವು ಉಳಿದಿದ್ದರೆ ಸ್ಕ್ಯಾನ್‌ಗೆ ಕಳಿಸುತ್ತಿದ್ದೆವು.

ಮಧ್ಯಾಹ್ನ ಪಿಎಚ್ 7.34, ಬೈಕಾರ್ಬ್ 18, ಗ್ಯಾಪ್ 10. ಹುಡುಗ ಗಂಜಿ ಕುಡಿದ. ಆಗಲೂ ಪಂಪ್ ತಕ್ಷಣ ತೆಗೆಯಲಿಲ್ಲ. ರಕ್ತದೊಳಗೆ ಕೊಟ್ಟ ಇನ್ಸುಲಿನ್‌ನ ಪರಿಣಾಮ ನಿಮಿಷಗಳಲ್ಲಿ ಮುಗಿಯುತ್ತದೆ, ಚರ್ಮದಡಿ ಕೊಟ್ಟದ್ದು ಹಿಡಿಯಲು ಹೊತ್ತು ಬೇಕು. ಗ್ಲಾರ್ಜಿನ್ ಅನ್ನು ಅವನು ಮೊದಲು ಹಾಕಿಕೊಳ್ಳುತ್ತಿದ್ದ ಡೋಸ್‌ನಲ್ಲೇ ಕೊಟ್ಟು, ಎರಡು ಗಂಟೆ ಪಂಪ್ ಓಡಿಸಿ, ಆಮೇಲೆ ನಿಲ್ಲಿಸಿದೆವು.

ಡಿಸ್ಚಾರ್ಜ್ ದಿನ ತಾಯಿಗೆ ಹೇಳಿದೆ: ‘ಅಮ್ಮಾ, ಊಟ ಬಿಟ್ಟರೂ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಬಿಡಬೇಡಿ. ವಾಂತಿ ಬಂದ ದಿನ ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ನೀರು ಕುಡಿಸುತ್ತಾ ಇರಿ, ನೀರೂ ನಿಲ್ಲದಿದ್ದರೆ ಅದೇ ದಿನ ಕರೆದುಕೊಂಡು ಬನ್ನಿ.’ ಅವರು ಅದನ್ನು ಮಗನ ಕೈಯಲ್ಲಿ ಇನ್ಸುಲಿನ್ ಡಬ್ಬಿಯ ಮೇಲೆ ಬರೆಸಿಕೊಂಡು ಹೋದರು.